ದಿನಕ್ಕೆರಡು ಕರಡಿ

ಶಿವಪೂಜೆಯಲ್ಲಿ ಕರಡಿ ನುಗ್ಗಿತು ಅನ್ನುವ ಮಾತನ್ನು ಚಿಕ್ಕಂದಿನಿಂದ ಕೇಳುತ್ತಲೇ ಬಂದಿದ್ದೇನೆ. ಕಣ್ಣಾರೆ ಕಂಡದ್ದು ಮಾತ್ರ ಹೋದ ತಿಂಗಳು, ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗನ ಫ್ಲ್ಯಾಟಿನಲ್ಲಿ. ಬೆಳಿಗ್ಗೆ ಸ್ನಾನ ಮುಗಿಸಿ ದೇವರ ಮನೆಗೆ ಹೋದೆ. ಗಣಪತಿ, ಅವನ ಪಕ್ಕದಲ್ಲಿ ಲಕ್ಷ್ಮಿ, ಅವಳ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಡಬ್ಬಿಯ ಮೇಲೆ ಹಲ್ಲು ಕಿರಿದು ನಿಂತ ಒಂದು ಕರಡಿ. ಒಳಗೆ ಕೆಂಪು, ಹಳದಿ, ಹಸಿರು ಬಣ್ಣದ ಅರವತ್ತು ಮರಿ ಕರಡಿಗಳು.

“ಅದು ಚಿನ್ನೂದು ಭಾವ, ಮಲ್ಟಿವಿಟಮಿನ್ ಗಮ್ಮಿ,” ಅಂದಳು ತಮ್ಮನ ಹೆಂಡತಿ. “ಬೇರೆ ಎಲ್ಲಿಟ್ಟರೂ ಕುರ್ಚಿ ಹಾಕ್ಕೊಂಡು ಹತ್ತಿ ಇಳಿಸ್ಕೋತಾನೆ. ದೇವರ ಮನೇಲಿ ಮಾತ್ರ ಕೈ ಹಾಕಲ್ಲ.”

ಐದು ವರ್ಷದ, ಹದಿನೇಳು ಕೆಜಿ ತೂಕದ ನಾಸ್ತಿಕನೊಬ್ಬ ಆ ಮನೆಯಲ್ಲಿ ಇನ್ನೂ ತಯಾರಾಗಿಲ್ಲ ಅನ್ನುವುದೊಂದೇ ಆ ಡಬ್ಬಿಗೆ ಇದ್ದ ಬೀಗ.

ನಾನು ಮೂವತ್ತೆಂಟು ವರ್ಷ ಮೈಸೂರಿನಲ್ಲಿ ಮೆಡಿಕಲ್ ಶಾಪ್ ನಡೆಸಿದವನು. ಈ ವಿಷಯದಲ್ಲಿ ನನ್ನ ಕೈ ಶುದ್ಧವಾಗಿಲ್ಲ ಅನ್ನುವುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. “ಮಗು ಊಟ ಮಾಡಲ್ಲ, ಏನಾದ್ರೂ ಟಾನಿಕ್ ಕೊಡಿ” ಎಂದು ಬಂದ ತಾಯಂದಿರಿಗೆ “ಊಟದ ಮಧ್ಯೆ ಬಿಸ್ಕತ್ತು ನಿಲ್ಲಿಸಿ” ಎಂದು ನಾನು ಹೇಳಿದ್ದಿದ್ದರೆ ನನ್ನ ಸೈಟಿನ ಮೇಲೆ ಮನೆ ಏಳುತ್ತಿರಲಿಲ್ಲ. ಟಾನಿಕ್ ಕಾಲದಲ್ಲಿ ಒಂದು ಅನುಕೂಲವಿತ್ತು. ಅದು ಕೆಟ್ಟದಾಗಿತ್ತು. ಮಗುವಿನ ಮೂಗು ಹಿಡಿದು, ಕಾಲು ಅದುಮಿ, ಅರ್ಧ ಚೆಲ್ಲಿ, ಅರ್ಧ ಕುಡಿಸುವ ಹೊತ್ತಿಗೆ ತಾಯಿಗೇ ಸಾಕಾಗಿ ಬಾಟಲಿ ಬೀರುವಿನ ಹಿಂದೆ ಸೇರುತ್ತಿತ್ತು. ಹೆಚ್ಚು ಕುಡಿದು ಅಪಾಯ ಮಾಡಿಕೊಳ್ಳುವ ಹಟ ಯಾವ ಮಗುವಿಗೂ ಇರಲಿಲ್ಲ. ಕಹಿಯೇ ಕಾವಲುಗಾರ.

ಆ ಕಾವಲುಗಾರನನ್ನು ಕೆಲಸದಿಂದ ತೆಗೆದದ್ದು ಕರಡಿ. 1922ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಹಾನ್ಸ್ ರೀಗೆಲ್ ಎಂಬಾತ ಕರಡಿ ಆಕಾರದ ಮೆತ್ತನೆ ಮಿಠಾಯಿ ಮಾಡಿದ. ಅದು ಮಿಠಾಯಿ, ತಾನು ಮಿಠಾಯಿ ಎಂದೇ ಹೇಳಿಕೊಂಡು ಬದುಕಿತು. ಅದರೊಳಗೆ ವಿಟಮಿನ್ ಸೇರಿಸಿ ಅದಕ್ಕೆ ಬಿಳಿ ಕೋಟು ತೊಡಿಸುವ ಬುದ್ಧಿ ಅಮೆರಿಕದ ವ್ಯಾಪಾರಿಗಳಿಗೆ ಹೊಳೆದದ್ದು 1990ರ ದಶಕದಲ್ಲಿ. ಕೋಟಿನ ಒಳಗೆ ಇರುವುದು ಇಂದಿಗೂ ಅದೇ ಸಕ್ಕರೆ, ಗ್ಲೂಕೋಸ್ ಪಾಕ, ಹುಳಿಗೆ ಸಿಟ್ರಿಕ್ ಆಮ್ಲ, ಅಂಟಿಗೆ ಜೆಲಾಟಿನ್ ಇಲ್ಲವೆ ಪೆಕ್ಟಿನ್. ಪೆಕ್ಟಿನ್ ಹಣ್ಣಿನ ಸಿಪ್ಪೆಯದು. ಜೆಲಾಟಿನ್ ದನ ಅಥವಾ ಹಂದಿಯ ಚರ್ಮ, ಮೂಳೆಗಳನ್ನು ಬೇಯಿಸಿ ತೆಗೆದದ್ದು. ಈ ಮನೆಯಲ್ಲಿ ಮೊಟ್ಟೆ ಒಳಗೆ ಬರುವ ಹಾಗಿಲ್ಲ. ಹಿಂದಿನ ವರ್ಷ ಅಮೆರಿಕದಿಂದ ಬಂದ ಸಂಬಂಧಿಕರು ಕೊಟ್ಟ ಡಬ್ಬಿ ಇನ್ನೂ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿತ್ತು, ಓದಿ ನೋಡಿದೆ: ಜೆಲಾಟಿನ್. ಒಂದು ವರ್ಷದಿಂದ ಆ ಮನೆಯ ಮಡಿ ಯಾವ ದಾರಿಯಲ್ಲಿ ನಡೆದಿದೆ ಎಂದು ನಾನು ಬಾಯಿಬಿಡಲಿಲ್ಲ. ಮೊಟ್ಟೆಗೆ ಆಕಾರ ಬದಲಿಸಿಕೊಳ್ಳಲು ಬಾರದು, ಅದೇ ಅದರ ದುರದೃಷ್ಟ.

ತಿಂಡಿಯ ಹೊತ್ತಿಗೆ ವಿತರಣೆ ಶುರುವಾಯಿತು. ಸೊಸೆ ಎರಡು ಕರಡಿ ಕೊಟ್ಟಳು. ಡಬ್ಬಿಯ ಮೇಲೆ ಬರೆದಿರುವುದೂ ದಿನಕ್ಕೆರಡು ಎಂದೇ, ಆಕೆ ಓದಿಕೊಂಡವಳು. ಮಧ್ಯಾಹ್ನ ಚಿನ್ನು ಅನ್ನ ಮುಗಿಸಿದ್ದಕ್ಕೆ ಅಜ್ಜಿಯಿಂದ ಒಂದು ಕರಡಿ ಬಹುಮಾನ. ಊಟ ಮಾಡದ ಮಕ್ಕಳಿಗೆ ಎಂದು ತಂದ ವಸ್ತು ಊಟ ಮಾಡಿದ್ದಕ್ಕೆ ಇನಾಮಾಗಿ ಸಲ್ಲುತ್ತಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಇನ್ನೊಂದು, ಅದು ದೇವರ ಮನೆಯಿಂದ ಬಂದದ್ದರಿಂದ ಪ್ರಸಾದ. ರಾತ್ರಿ ಒಂಬತ್ತಕ್ಕೆ ಆಫೀಸಿನಿಂದ ಬಂದ ಅಪ್ಪ, “ಅಮ್ಮ ಇವತ್ತು ಮರೆತಿರ್ತಾಳೆ” ಎಂದು ಮಗನ ಮಾತನ್ನೇ ಸಾಕ್ಷಿಯಾಗಿ ಹಿಡಿದು ಮತ್ತೊಂದು ಕೊಟ್ಟ. ಮೂವರೂ ಪ್ರೀತಿಯಿಂದ ಕೊಟ್ಟರು, ಮೂವರೂ ತಾವೊಬ್ಬರೇ ಕೊಡುವವರು ಎಂದುಕೊಂಡಿದ್ದರು. ಲೆಕ್ಕ ಗೊತ್ತಿದ್ದವನು ಚಿನ್ನು ಒಬ್ಬನೇ. ಅವನು ಬಾಯಿ ಬಿಡುವಂತಿರಲಿಲ್ಲ, ಬಾಯಲ್ಲಿ ಕರಡಿ ಇತ್ತು.

ನನ್ನ ಹಳೆಯ ಚಟ, ಕನ್ನಡಕ ಹಾಕಿಕೊಂಡು ಡಬ್ಬಿ ತಿರುಗಿಸಿದೆ. ಗ್ರಾಹಕರು ಮುಂದುಗಡೆ ಓದುತ್ತಾರೆ, ಅಂಗಡಿಯವರು ಹಿಂದುಗಡೆ. ಮುಂದೆ ‘ರೋಗನಿರೋಧಕ ಶಕ್ತಿ, ಏಕಾಗ್ರತೆ, ಬೆಳವಣಿಗೆ’ ಎಂದು ಕರಡಿ ಕೂಗುತ್ತಿತ್ತು. ಹಿಂದೆ ಇರುವೆಯ ಗಾತ್ರದ ಅಕ್ಷರದಲ್ಲಿ ಅಸಲು ವ್ಯವಹಾರ: ಔಷಧಿಯಾಗಿ ಬಳಸಲು ಅಲ್ಲ, ಹೇಳಿದ ಪ್ರಮಾಣ ಮೀರಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಮಕ್ಕಳಿಗಾಗಿಯೇ ಮಾಡಿ, ಮಕ್ಕಳ ಕಣ್ಣಿಗೆ ಬೀಳಲೆಂದೇ ಬಣ್ಣ ಬಳಿದು, ಮಕ್ಕಳ ಕೈಗೆ ಸಿಗದಂತಿಡಿ ಎನ್ನುವ ವಸ್ತು ಜಗತ್ತಿನಲ್ಲಿ ಇನ್ನೊಂದಿದ್ದರೆ ಅದು ಪಟಾಕಿ.

ಅದರ ಕೆಳಗೆ ಒಂದು ಕರಡಿಯ ಜಾತಕ. ವಿಟಮಿನ್ ಎ 150 ಮೈಕ್ರೋಗ್ರಾಂ, ಸಕ್ಕರೆ ಎರಡೂವರೆ ಗ್ರಾಂ, ಡಿ, ಸಿ, ಜೊತೆಗೆ ಬಿ ಕುಟುಂಬದ ಕೆಲವರು. ಇವುಗಳಲ್ಲಿ ಬಿ ಮತ್ತು ಸಿ ನೀರಿನಲ್ಲಿ ಕರಗುವ ಜಾತಿ. ಹೆಚ್ಚಾದದ್ದರಲ್ಲಿ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ, ಅಂದರೆ ದುಬಾರಿ ಮೂತ್ರ. ಸಿ ತೀರಾ ಹೆಚ್ಚಾದರೆ ಹೊಟ್ಟೆ ಕೆಟ್ಟು ಭೇದಿ. ಎ ಮತ್ತು ಡಿ ಹಾಗಲ್ಲ. ಅವು ಕೊಬ್ಬಿನಲ್ಲಿ ಕರಗುವ ಜಾತಿ, ಬಂದ ನೆಂಟರು ಹೊರಡುವುದೇ ಇಲ್ಲ. ಎ ಪಿತ್ತಜನಕಾಂಗದಲ್ಲಿ ಹಾಸಿಗೆ ಬಿಚ್ಚುತ್ತದೆ, ಡಿ ಮೈಯ ಕೊಬ್ಬಿನಲ್ಲಿ. ಅದಕ್ಕೇ ನಾನು ಎ ಒಂದನ್ನೇ ಹಿಡಿದುಕೊಂಡು ಲೆಕ್ಕಕ್ಕೆ ಕೂತೆ. ಹಾಲಿನ ಬಿಲ್ಲಿನ ಹಿಂಭಾಗ ಖಾಲಿ ಇತ್ತು.

ನಾಲ್ಕರಿಂದ ಎಂಟು ವರ್ಷದ ಮಗುವಿಗೆ ದಿನಕ್ಕೆ ಬೇಕಾದ ವಿಟಮಿನ್ ಎ 400 ಮೈಕ್ರೋಗ್ರಾಂ. ಪ್ರತಿದಿನ ತೆಗೆದುಕೊಂಡರೂ ತೊಂದರೆಯಾಗದ ಮೇಲಿನ ಗೆರೆ 900. ಇವೆರಡೂ ಅಮೆರಿಕದ ತಜ್ಞರ ಸಮಿತಿ 2001ರಲ್ಲಿ ಹಾಕಿಕೊಟ್ಟ ಅಳತೆ. ಗೆರೆ ಅಂದರೆ ಪ್ರಪಾತವಲ್ಲ, ಪ್ರಪಾತಕ್ಕೆ ಬಹಳ ಮೊದಲೇ ಹಾಕಿದ ಬೇಲಿ. ಬೇಲಿಯಾಚೆ ಒಂದು ದಿನ ಕಾಲಿಟ್ಟವರು ಬೀಳುವುದಿಲ್ಲ, ಆದರೆ ಅಲ್ಲೇ ಮನೆ ಕಟ್ಟಬಾರದು.

ಈಗ ಚಿನ್ನುವಿನ ದಿನ. ಅವನು ಕುಡಿಯುವ ಹಾಲು ನಾನೂರು ಮಿಲಿ. ಪ್ಯಾಕೆಟ್ಟಿನ ಮೇಲೆ ನೀಲಿ ಬಣ್ಣದ +F ಗುರುತು ಇದೆ, ಅಂದರೆ ಕಾರ್ಖಾನೆಯಲ್ಲೇ ವಿಟಮಿನ್ ಎ ಮತ್ತು ಡಿ ಸೇರಿಸಿದ ಹಾಲು. ನಮ್ಮ ದೇಶದ 2018ರ ನಿಯಮದ ಪ್ರಕಾರ ಇಂಥ ಹಾಲಿನ ಲೀಟರಿಗೆ 270ರಿಂದ 450 ಮೈಕ್ರೋಗ್ರಾಂ ಎ ಇರಬೇಕು. ಚಿನ್ನುವಿನ ಪಾಲಿಗೆ 140 ಎಂದು ಬರೆದೆ. ಅಡುಗೆ ಎಣ್ಣೆಯ ಮೇಲೂ ಅದೇ +F. ಒಂದು ಗ್ರಾಂ ಎಣ್ಣೆಗೆ ಕನಿಷ್ಠ 6 ಮೈಕ್ರೋಗ್ರಾಂ. ದೋಸೆ, ಒಗ್ಗರಣೆ, ಪಲ್ಯ ಎಲ್ಲ ಸೇರಿ ಮಗುವಿನ ಹೊಟ್ಟೆಗೆ ಇಪ್ಪತ್ತು ಗ್ರಾಂ ಹೋದರೆ 120. ಹಾಲಿಗೆ ದಿನಕ್ಕೆರಡು ಸಲ ಬೆರೆಸುವ ಚಾಕೊಲೇಟು ಪುಡಿಯ ಡಬ್ಬಿ ಓದಿದೆ, ಸಲಕ್ಕೆ 120ರಂತೆ 240. ಇಲ್ಲಿಗೆ 500 ಆಯಿತು. ಕರಡಿ ಇನ್ನೂ ಬಾಗಿಲ ಹತ್ತಿರವೂ ಬಂದಿಲ್ಲ, ಸೊಪ್ಪು ತರಕಾರಿ ಮೊಸರು ತುಪ್ಪ ಯಾವುದನ್ನೂ ನಾನು ಬರೆದಿಲ್ಲ, ಮಗುವಿಗೆ ಬೇಕಾದ 400 ಆಗಲೇ ದಾಟಿದೆ.

ಡಬ್ಬಿಯ ಮೇಲೆ ಹೇಳಿದಂತೆ ಎರಡೇ ಕರಡಿ ಕೊಟ್ಟರೆ ಒಟ್ಟು 800. ಬೇಲಿಗೆ ಒರಗಿಕೊಂಡು ನಿಂತ ಹಾಗೆ. ಈ ಮನೆಯಲ್ಲಿ ನಾನು ಎಣಿಸಿದಂತೆ ಐದು ಕರಡಿಗೆ 750, ಒಟ್ಟು 1,250. ಜೊತೆಗೆ ಐದು ಕರಡಿಯ ಸಕ್ಕರೆ ಸುಮಾರು ಮೂರು ಟೀ ಚಮಚ. ಅದೂ ಹಲ್ಲಿನ ಸಂದಿಗೆ ಅಂಟಿಕೊಂಡು ಅಲ್ಲೇ ಉಳಿಯುವ ಸಕ್ಕರೆ. ಕೊನೆಯ ಕರಡಿ ಹೋಗುವುದು ಹಲ್ಲುಜ್ಜಿದ ಮೇಲೆ, ಅಪ್ಪನ ಕೈಯಿಂದ.

ನನ್ನ ಲೆಕ್ಕ ಕಡಿಮೆಯೇ ಇರಬಹುದು. ವಿಟಮಿನ್ ಕೂತಲ್ಲಿ ಕೂರುವ ವಸ್ತುವಲ್ಲ, ಬಿಸಿಗೆ, ಬೆಳಕಿಗೆ, ತೇವಕ್ಕೆ ದಿನದಿನಕ್ಕೆ ಸೊರಗುತ್ತದೆ. ಗಮ್ಮಿಯಂಥ ಒದ್ದೆ ಮಿಠಾಯಿಯಲ್ಲಿ ಮಾತ್ರೆಗಿಂತ ಬೇಗ ಸೊರಗುತ್ತದೆ. ಡಬ್ಬಿಯ ಅವಧಿ ಮುಗಿಯುವ ದಿನವೂ ಮೇಲೆ ಬರೆದಷ್ಟು ಇರಬೇಕಲ್ಲ ಎಂದು ತಯಾರಕರು ಮೊದಲೇ ಒಂದಿಷ್ಟು ಹೆಚ್ಚು ಸುರಿದಿರುತ್ತಾರೆ. ಹೊಸ ಡಬ್ಬಿಯ ಕರಡಿ ಹೇಳಿದ್ದಕ್ಕಿಂತ ದಪ್ಪ, ಹಳೆಯದು ಬಡಕಲು. ಸರಾಸರಿಯಲ್ಲಿ ಎಲ್ಲರೂ ಸತ್ಯವಂತರು.

ಬಿಲ್ಲನ್ನು ಸೊಸೆಯ ಮುಂದಿಟ್ಟೆ. “ಆದ್ರೆ ದೊಡ್ಡಮಾವ, ವಿಟಮಿನ್ ಎ ಕಣ್ಣಿಗೆ ಒಳ್ಳೇದಲ್ವಾ? ಕ್ಯಾರೆಟ್ಟಲ್ಲೂ ಅದೇ ಇರತ್ತಲ್ಲ?”

ಒಳ್ಳೆಯ ಪ್ರಶ್ನೆ. ಕ್ಯಾರೆಟ್ಟಿನಲ್ಲಿ, ಪರಂಗಿ ಹಣ್ಣಿನಲ್ಲಿ, ಸಿಹಿಗುಂಬಳದಲ್ಲಿ, ನುಗ್ಗೆ ಸೊಪ್ಪಿನಲ್ಲಿ ಇರುವುದು ಸಿದ್ಧ ವಿಟಮಿನ್ ಎ ಅಲ್ಲ. ಅದು ಕ್ಯಾರೊಟಿನ್, ಕಚ್ಚಾ ಮಾಲು. ಅದನ್ನು ಎ ಆಗಿ ಪರಿವರ್ತಿಸುವ ಗಿರಣಿ ಮೈಯೊಳಗಿದೆ, ಗೋದಾಮು ತುಂಬಿದೆ ಎಂದರೆ ಗಿರಣಿ ನಿಧಾನವಾಗುತ್ತದೆ. ಬುಟ್ಟಿಗಟ್ಟಲೆ ಕ್ಯಾರೆಟ್ ತಿಂದ ಮಗುವಿನ ಅಂಗೈ, ಅಂಗಾಲು ಅರಿಸಿನ ಹಚ್ಚಿದ ಹಾಗೆ ಹಳದಿಯಾಗುತ್ತದೆ, ಕಣ್ಣಿನ ಬಿಳುಪು ಬಿಳಿಯಾಗಿಯೇ ಇರುತ್ತದೆ. ಕಾಮಾಲೆಗೂ ಇದಕ್ಕೂ ಅದೇ ವ್ಯತ್ಯಾಸ. ಕ್ಯಾರೆಟ್ ಬಿಟ್ಟರೆ ಬಣ್ಣವೂ ಬಿಟ್ಟುಹೋಗುತ್ತದೆ, ಬೇರೇನೂ ಆಗುವುದಿಲ್ಲ. ಆ 900ರ ಗೆರೆಗೆ ಕ್ಯಾರೊಟಿನ್ ಲೆಕ್ಕವೇ ಇಲ್ಲ. ಗಮ್ಮಿ, ಹಾಲು, ಎಣ್ಣೆಗಳಿಗೆ ಬೆರೆಸುವುದು ಸಾಮಾನ್ಯವಾಗಿ ಸಿದ್ಧ ಮಾಲು. ಡಬ್ಬಿಯ ಹಿಂದೆ ರೆಟಿನೈಲ್ ಪಾಲ್ಮಿಟೇಟ್ ಅಥವಾ ರೆಟಿನೈಲ್ ಅಸಿಟೇಟ್ ಎಂದು ಬರೆದಿದ್ದರೆ ಅದು ಗಿರಣಿಯನ್ನು ಕೇಳದೆ ನೇರ ಗೋದಾಮಿಗೆ ಹೋಗುವ ಲಾರಿ.

ಗೋದಾಮು ತುಂಬಿ ತುಳುಕಿದರೆ ಏನಾಗುತ್ತದೆ ಅನ್ನುವುದನ್ನು ಜಗತ್ತಿಗೆ ಮೊದಮೊದಲು ತೋರಿಸಿಕೊಟ್ಟದ್ದೂ ಕರಡಿಯೇ. 1596ರಲ್ಲಿ ವಿಲ್ಲೆಮ್ ಬಾರೆಂಟ್ಸ್ ಎಂಬ ಡಚ್ ನಾವಿಕ ಉತ್ತರದ ಹಿಮಸಮುದ್ರದ ಮೂಲಕ ಚೀನಾಕ್ಕೆ ದಾರಿ ಹುಡುಕುತ್ತಾ ಹೊರಟು ನೋವಾಯಾ ಜೆಮ್ಲ್ಯಾದ ಹತ್ತಿರ ಮಂಜಿನಲ್ಲಿ ಸಿಕ್ಕಿಬಿದ್ದ. ಅವನ ಜನ 1597ರಲ್ಲಿ ಒಂದು ಹಿಮಕರಡಿ ಹೊಡೆದು ಅದರ ಈಲಿಯನ್ನು ಬೇಯಿಸಿ ತಿಂದರು. ತಿಂದವರು ಮಲಗಿದರು. ಅವರಲ್ಲಿ ಮೂವರಿಗೆ ತಲೆಯಿಂದ ಕಾಲಿನವರೆಗೆ ಚರ್ಮ ಸುಲಿದುಬಂತು ಎಂದು ಜೊತೆಯಲ್ಲಿದ್ದ ಗೆರಿಟ್ ಡಿ ವೇರ್ ದಿನಚರಿಯಲ್ಲಿ ಬರೆದಿಟ್ಟ. ಯಾಕೆ ಎಂದು ಗೊತ್ತಾಗಲು ಮೂರೂವರೆ ಶತಮಾನ ಬೇಕಾಯಿತು. 1943ರಲ್ಲಿ ರೋಡಾಲ್ ಮತ್ತು ಮೂರ್ ಎಂಬಿಬ್ಬರು ಅಳೆದು ನೋಡಿದರೆ, ಹಿಮಕರಡಿಯ ಈಲಿಯ ಒಂದೊಂದು ಗ್ರಾಂನಲ್ಲೂ ಹತ್ತು ಸಾವಿರಕ್ಕೂ ಹೆಚ್ಚು ಯೂನಿಟ್ ವಿಟಮಿನ್ ಎ. ಉತ್ತರ ಧ್ರುವ ಪ್ರದೇಶದ ಇನ್ಯುಯಿಟ್ ಜನ ಮಾತ್ರ ಯಾವ ಪ್ರಯೋಗಾಲಯವೂ ಇಲ್ಲದೆ ಆ ಈಲಿಯನ್ನು ದೂರವಿಟ್ಟುಕೊಂಡೇ ಬಂದಿದ್ದರು.

ಚಿನ್ನುವಿನ ಕರಡಿಗಳು ಆ ಕರಡಿಯ ಮುಂದೆ ಇಲಿಮರಿಗಳು, ಹೆದರಿಸುವುದು ನನ್ನ ಉದ್ದೇಶವಲ್ಲ. ನಾಳೆ ದೇವರಿಗೂ ಹೆದರದೆ ಅವನು ಡಬ್ಬಿಯಲ್ಲಿ ಉಳಿದ ಐವತ್ತು ಕರಡಿಗಳನ್ನು ಒಂದೇ ಏಟಿಗೆ ಮುಗಿಸಿದನೆಂದೇ ಇಟ್ಟುಕೊಳ್ಳಿ. 7,500 ಮೈಕ್ರೋಗ್ರಾಂ, ಅಂದರೆ 25 ಸಾವಿರ ಯೂನಿಟ್. ನಮ್ಮ ಆರೋಗ್ಯ ಇಲಾಖೆ ಆರು ತಿಂಗಳಿಗೊಮ್ಮೆ ಐದು ವರ್ಷದೊಳಗಿನ ಮಕ್ಕಳ ಬಾಯಿಗೆ ಹಾಕುವ ವಿಟಮಿನ್ ಎ ದ್ರಾವಣದಲ್ಲಿ ಇರುವುದು ಎರಡು ಲಕ್ಷ ಯೂನಿಟ್. ಅದು ತಿಳಿದು ಕೊಡುವ, ನಡುವೆ ಆರು ತಿಂಗಳು ಬಿಟ್ಟು ಕೊಡುವ ಪ್ರಮಾಣ. ಹೀಗಾಗಿ ಒಂದು ಸಲದ ಐವತ್ತು ಕರಡಿ ಬಹುಮಟ್ಟಿಗೆ ಹೊಟ್ಟೆನೋವು, ವಾಂತಿ, ಭೇದಿ, ಮತ್ತು ಐನೂರು ರೂಪಾಯಿಯ ನಷ್ಟ. ಹಾಗಾದರೂ ಡಾಕ್ಟರಿಗೆ ಒಂದು ಫೋನು ಮಾಡಬೇಕು, ಏಕೆಂದರೆ ಡಬ್ಬಿಯಿಂದ ಡಬ್ಬಿಗೆ ಒಳಗಿನ ಸರಕು ಬೇರೆ.

ಭಯವಿರುವುದು ಒಂದು ದಿನದ ದರೋಡೆಯಲ್ಲಲ್ಲ, ದಿನದಿನದ ಪ್ರೀತಿಯಲ್ಲಿ. ಐದು ಕರಡಿ ಏಳಾಗಿ, ಯಾರೋ ಹೇಳಿದರೆಂದು ಮೀನೆಣ್ಣೆ ಮಾತ್ರೆ ಸೇರಿ, ಶೀತವಾದಾಗ ಇಮ್ಯುನಿಟಿಗೆಂದು ಇನ್ನೊಂದು ಸಿರಪ್ ಬಂದು, ತಿಂಗಳುಗಟ್ಟಲೆ ಹೀಗೇ ನಡೆದರೆ ಮಗುವಿನ ತುಟಿ ಬಿರಿಯುತ್ತದೆ, ಚರ್ಮ ಒಣಗಿ ತುರಿಸುತ್ತದೆ, ಕೂದಲು ಉದುರುತ್ತದೆ, ಕೈಕಾಲಿನ ಮೂಳೆ ನೋಯುತ್ತದೆ, ತಲೆನೋವು ಬರುತ್ತದೆ. ಮತ್ತೊಂದು ಲಕ್ಷಣವನ್ನು ದಯವಿಟ್ಟು ಎರಡು ಸಲ ಓದಿ: ಹಸಿವು ಸತ್ತುಹೋಗುತ್ತದೆ. ವಿಟಮಿನ್ ಡಿ ಹೆಚ್ಚಾದರೂ ಅದೇ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮಗು ಊಟ ಬಿಡುತ್ತದೆ.

ಊಟ ಬಿಟ್ಟ ಮಗುವಿಗೆ ನಮ್ಮ ಮನೆಗಳಲ್ಲಿ ಏನು ಕೊಡುತ್ತಾರೆ ಎಂದು ನನ್ನನ್ನು ಕೇಳಿ. ಮೂವತ್ತೆಂಟು ವರ್ಷ ಕೌಂಟರಿನ ಈಚೆ ನಿಂತು ಅದನ್ನೇ ಕೊಟ್ಟಿದ್ದೇನೆ. ಹೆಚ್ಚಾಗಿದ್ದರಿಂದ ಊಟ ಸೇರುವುದಿಲ್ಲ, ಊಟ ಸೇರದ್ದರಿಂದ ಇನ್ನಷ್ಟು ಕೊಡುತ್ತಾರೆ. ಇಂಥ ವ್ಯಾಪಾರ ಬೇರಾವ ಅಂಗಡಿಯಲ್ಲಿದೆ? ಅಕ್ಕಿ ಮಾರುವವನಿಗೆ ಗ್ರಾಹಕನ ಹೊಟ್ಟೆ ತುಂಬಿದರೆ ವ್ಯಾಪಾರ ನಿಲ್ಲುತ್ತದೆ.

ಡಿ ವಿಟಮಿನ್ ಮಾತು ಬಂದದ್ದಕ್ಕೆ ಒಂದು ಪ್ರಕರಣ ಹೇಳಿಬಿಡುತ್ತೇನೆ. ವಾರಕ್ಕೊಂದು ಎಂದು ದೊಡ್ಡವರಿಗೆ ಬರೆದುಕೊಡುವ 60,000 ಯೂನಿಟ್ಟಿನ ಪುಡಿಯ ಪೊಟ್ಟಣವಿದೆ. ಒಬ್ಬ ತಾಯಿ ತನಗೆ ಬರೆದದ್ದನ್ನು ‘ಮೂಳೆಗೆ ಒಳ್ಳೇದು’ ಎಂದು ಚಿನ್ನುವಿನ ವಯಸ್ಸಿನ ಮಗಳಿಗೂ ಹಾಲಿನಲ್ಲಿ ಕಲಸಿ ದಿನಕ್ಕೊಂದರಂತೆ ಕೊಟ್ಟಿದ್ದಳು. ಆ ವಯಸ್ಸಿನ ಮಗುವಿಗೆ ದಿನದ ಅಗತ್ಯ 600 ಯೂನಿಟ್, ಮೇಲಿನ ಗೆರೆ 3,000. ಎರಡನೇ ವಾರ ಆಕೆ ಬಂದದ್ದು ವಾಂತಿ ನಿಲ್ಲುವ ಔಷಧಿಗೆ, ಮರುದಿನ ಮಲಬದ್ಧತೆಯ ಸಿರಪ್ಪಿಗೆ. “ನೀರು ಕುಡಿದೂ ಕುಡಿದೂ ರಾತ್ರಿಯೆಲ್ಲಾ ಮೂತ್ರಕ್ಕೆ ಏಳ್ತಾಳೆ ಸಾರ್” ಎಂದಾಗ ನನಗೆ ಬೆಳಕು ಬಿತ್ತು. ವಾಂತಿ, ಮಲಬದ್ಧತೆ, ಬಾಯಾರಿಕೆ, ಪದೇಪದೇ ಮೂತ್ರ, ಮಂಕು, ಇಷ್ಟೂ ಒಟ್ಟಿಗೆ ಬಂದರೆ ರಕ್ತದ ಕ್ಯಾಲ್ಸಿಯಂ ನೋಡಿಸಬೇಕು. ನೋಡಿಸಿದರು, ಏರಿತ್ತು, ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಇಳಿಸಿದರು. ಪೊಟ್ಟಣ ನಿಲ್ಲಿಸಿದ ಮೇಲೂ ಕೊಬ್ಬಿನಲ್ಲಿ ಕೂತ ಡಿ ವಾರಗಟ್ಟಲೆ ಸೋರುತ್ತಲೇ ಇತ್ತು. ಗಮ್ಮಿಯ 200, 400 ಯೂನಿಟ್ಟಿನಿಂದ ಈ ಗತಿ ಬರುವುದಿಲ್ಲ. ‘ಒಳ್ಳೇದು’ ಅನ್ನುವ ಶಬ್ದಕ್ಕೆ ಅಳತೆಯಿಲ್ಲ ಎಂದು ತಿಳಿಯುವ ಮನೆಗಳಲ್ಲಿ ಬರುತ್ತದೆ.

ಚಿನ್ನುವಿನ ಮನೆಯಲ್ಲಿ ನನ್ನ ಎದೆ ಧಸಕ್ಕೆಂದದ್ದು ಕರಡಿಯಿಂದಲ್ಲ, ಫ್ರಿಜ್ಜಿನ ಮೇಲೆ ಬಿದ್ದಿದ್ದ ಒಂದು ಸ್ಟ್ರಿಪ್ಪಿನಿಂದ. ಸೊಸೆಗೆ ಈಗ ಐದು ತಿಂಗಳು. ಕೆಂಪಗೆ ಹೊಳೆಯುವ, ಮೇಲೆ ಸಕ್ಕರೆ ಲೇಪಿಸಿದ ಕಬ್ಬಿಣದ ಮಾತ್ರೆಗಳು, ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ. ಕರಡಿ ಡಬ್ಬಿಗೆ ದೇವರ ಕಾವಲು, ಇದಕ್ಕೆ ಯಾರೂ ಇಲ್ಲ. ಯಾಕೆಂದರೆ ಇದು ‘ಔಷಧಿ’, ಮಕ್ಕಳು ಮುಟ್ಟುವುದಿಲ್ಲ! ಔಷಧಿ ಅಂದರೆ ಬಣ್ಣಬಣ್ಣದ ಸಿಹಿ ವಸ್ತು, ದಿನಾ ಕೇಳಿ ತಿನ್ನಬೇಕಾದದ್ದು ಎಂದು ಒಂದು ವರ್ಷದಿಂದ ಆ ಮಗುವಿಗೆ ದಿನಕ್ಕೆ ನಾಲ್ಕು ಸಲ ಪಾಠ ಮಾಡಿದವರು ಇವರೇ.

ಮಗುವಿನ ತೂಕದ ಪ್ರತಿ ಕೆಜಿಗೆ 20 ಮಿಲಿಗ್ರಾಂ ಕಬ್ಬಿಣ ಹೊಟ್ಟೆಗೆ ಹೋದರೆ ವಿಷದ ಲಕ್ಷಣ ಶುರು, 60 ದಾಟಿದರೆ ಜೀವಕ್ಕೇ ಅಪಾಯ. ಹದಿನೇಳು ಕೆಜಿಯ ಚಿನ್ನುವಿಗೆ ಮೊದಲನೆಯದು ಆರು ಮಾತ್ರೆ, ಎರಡನೆಯದು ಹದಿನೇಳು. ಎರಡು ಸ್ಟ್ರಿಪ್ಪೂ ಬೇಡ. ಮೊದಲ ಕೆಲವು ಗಂಟೆ ವಾಂತಿ, ಭೇದಿ, ಕೆಲವೊಮ್ಮೆ ರಕ್ತ. ಆಮೇಲೆ ಈ ವಿಷ ಒಂದು ನಾಟಕ ಆಡುತ್ತದೆ. ಆರು ಗಂಟೆ ಕಳೆದ ಮೇಲೆ ಮಗು ಗೆಲುವಾಗುತ್ತದೆ, ಆಟಕ್ಕೆ ಕೂರುತ್ತದೆ. ಮನೆಯವರು ದೃಷ್ಟಿ ತೆಗೆದು ನಿಟ್ಟುಸಿರು ಬಿಡುತ್ತಾರೆ. ಅಷ್ಟರಲ್ಲಿ ಕಬ್ಬಿಣ ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಈಲಿಗೆ ಇಳಿಯುತ್ತಿರುತ್ತದೆ. ಮುಂದಿನ ಒಂದೆರಡು ದಿನದಲ್ಲಿ ರಕ್ತದ ಒತ್ತಡ ಕುಸಿಯಬಹುದು, ಈಲಿ ಕೆಡಬಹುದು. ಆದ್ದರಿಂದ ನುಂಗಿದೆ ಅನ್ನುವ ಅನುಮಾನ ಬಂದ ಕೂಡಲೇ, ಮಗು ನಗುತ್ತಿದ್ದರೂ, ಉಳಿದ ಸ್ಟ್ರಿಪ್ಪನ್ನು ಕೈಯಲ್ಲೇ ಹಿಡಿದು ದೊಡ್ಡ ಆಸ್ಪತ್ರೆಗೆ ಓಡಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆವೈದ್ಯ ಬೇಡ. ದೆಹಲಿಯ ಏಮ್ಸ್‌ನಲ್ಲಿ ವಿಷ ಮಾಹಿತಿ ಕೇಂದ್ರವಿದೆ, 1800 116 117ಕ್ಕೆ ಉಚಿತವಾಗಿ ಫೋನು ಮಾಡಬಹುದು. ಆದರೆ ಫೋನು ದಾರಿಯಲ್ಲಿ, ಕಾರಿನಲ್ಲಿ ಕೂತು.

ಕಬ್ಬಿಣದ ಕತೆಯಲ್ಲಿ ಇನ್ನೊಂದು ತಮಾಷೆಯಿದೆ. ಕರಡಿ ಡಬ್ಬಿಯನ್ನು ಹಿಂದೆ ಮುಂದೆ ಎಷ್ಟು ಹುಡುಕಿದರೂ ಅದರಲ್ಲಿ ಕಬ್ಬಿಣವೇ ಇರಲಿಲ್ಲ. ಹೆಚ್ಚಿನ ಗಮ್ಮಿಗಳಲ್ಲಿ ಇರುವುದಿಲ್ಲ, ಹಾಕಿದರೆ ಬಾಯಲ್ಲಿ ತುಕ್ಕಿನ ರುಚಿ ಬಂದು ಕರಡಿ ಮಿಠಾಯಿಯಾಗಿ ಉಳಿಯುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಅರವತ್ತೈದು ಮಂದಿಗೆ ರಕ್ತಹೀನತೆ. ನಮ್ಮ ಮಕ್ಕಳಿಗೆ ನಿಜಕ್ಕೂ ಸಾಲದೇ ಇರುವುದು ಯಾವುದೋ ಅದೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಹೊತ್ತು ಬಂದಿದೆ ಈ ಕರಡಿ. ಬಾಯಾರಿದವನಿಗೆ ಶಾಲು ಹೊದಿಸಿ ಸನ್ಮಾನ ಮಾಡಿದ ಹಾಗೆ.

“ಅದೆಲ್ಲಾ ಸರಿ ಭಾವ, ಆದ್ರೆ ಇವನು ಏನೂ ತಿನ್ನಲ್ಲ,” ಅಂದಳು ಅಜ್ಜಿ.

ಏನೂ ತಿನ್ನದವನ ದಿನಚರಿಯನ್ನು ಬಿಲ್ಲಿನ ಉಳಿದ ಜಾಗದಲ್ಲಿ ಬರೆದೆ. ಬೆಳಿಗ್ಗೆ ಒಂದೂವರೆ ದೋಸೆ. ಮಧ್ಯಾಹ್ನ ಸಾರನ್ನ, ಮೊಸರನ್ನ, ಬಾಯಿಗೆ ಬಂದ ಬೀನ್ಸ್ ಪಲ್ಯವನ್ನು ತಟ್ಟೆಯಂಚಿಗೆ ಸರಿಸಿ ಮಾಡಿದ ಒಂದು ಕೋಟೆ. ಸಂಜೆ ಅರ್ಧ ಸೀಬೆಹಣ್ಣು, ಅದೂ ಕೆಳಗಿನ ಗಾಡಿಯವನು ಉಪ್ಪು ಖಾರ ಹಾಕಿಕೊಟ್ಟದ್ದಾದರೆ ಮಾತ್ರ. ರಾತ್ರಿ ಅಜ್ಜಿಯ ತಟ್ಟೆಯಿಂದ ಮುದ್ದೆ ಕದ್ದು ತಿನ್ನುವುದು, ಹಿಟ್ಟಿನ ಲೆಕ್ಕದಲ್ಲಿ ಐವತ್ತು ಗ್ರಾಂ. ಇದು ಏನೂ ತಿನ್ನದಿರುವುದು!

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕದಲ್ಲಿ ನೂರು ಗ್ರಾಂ ರಾಗಿಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ. ಮುದ್ದೆಯ ಐವತ್ತು ಗ್ರಾಂ ಹಿಟ್ಟಿಗೆ 180. ಹಾಲು ಮೊಸರು ಸೇರಿ ಬರೀ ಮುನ್ನೂರು ಮಿಲಿ ಎಂದರೂ ಇನ್ನೊಂದು 350. ಈ ವಯಸ್ಸಿಗೆ ಬೇಕಾದದ್ದು 550, ಮುದ್ದೆ ಕದ್ದಷ್ಟಕ್ಕೇ ಹತ್ತಿರ ಹತ್ತಿರ ಆಯಿತು. ವಿಟಮಿನ್ ಸಿ ಬೇಕಾದದ್ದು 35 ಮಿಲಿಗ್ರಾಂ, ಅರ್ಧ ಸೀಬೆಹಣ್ಣು ಅದನ್ನು ಎರಡು ದಿನಕ್ಕಾಗುವಷ್ಟು ಕೊಡುತ್ತದೆ. ವಿಟಮಿನ್ ಎ ಕತೆ ಆಗಲೇ ಮುಗಿಯಿತು. ಚಾಕೊಲೇಟು ಪುಡಿಯನ್ನೂ ಬಿಟ್ಟು ವಾರಕ್ಕೆ ಮೂರು ದಿನ ಸೊಪ್ಪಿನ ಸಾರೋ ಪರಂಗಿ ಹೋಳೋ ಕೊಟ್ಟರೆ ಸಾಕು. ಬಾಕಿ ಉಳಿದದ್ದು ಕಬ್ಬಿಣ. ಅದಕ್ಕೆ ಬೇಳೆ, ಕಾಳು, ಸೊಪ್ಪಿನ ಮೇಲೆ ನಿಂಬೆರಸ ಹಿಂಡುವುದು, ಊಟದ ಜೊತೆಯಲ್ಲೇ ಹಾಲು ಟೀ ಕೊಡದಿರುವುದು. ನಮ್ಮ ಕೋಸಂಬರಿಗೆ ನಿಂಬೆ ಹಿಂಡುವುದನ್ನು ಯಾವ ತಜ್ಞರೂ ಹೇಳಿಕೊಡಲಿಲ್ಲ.

ಮಗುವಿಗೆ ಊಟ ಸಾಲುತ್ತಿದೆಯೋ ಇಲ್ಲವೋ ಅಜ್ಜಿಯ ಕಣ್ಣಳತೆ ಹೇಳದು, ಲಸಿಕೆ ಕಾರ್ಡಿನ ಹಿಂದಿರುವ ತೂಕ, ಎತ್ತರದ ಗೆರೆ ಹೇಳುತ್ತದೆ. ಚಿನ್ನುವಿನ ಗೆರೆ ತನ್ನ ಪಾಡಿಗೆ ತಾನು ಏರುತ್ತಿತ್ತು. ಗೆರೆ ಚಪ್ಪಟೆಯಾದರೆ, ಮಗು ಬಿಳಿಚಿಕೊಂಡು ಸುಸ್ತಾಗುತ್ತಿದ್ದರೆ, ಮಣ್ಣು ಸುಣ್ಣ ತಿನ್ನುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು. ಆಗ ಸಿಗುವುದು ಕಡಿಮೆಯಿರುವ ಒಂದೋ ಎರಡೋ ವಸ್ತುವಿನ ಹೆಸರು, ಅದರ ಪ್ರಮಾಣ, ನಿಲ್ಲಿಸುವ ದಿನ. ನಿಲ್ಲಿಸುವ ದಿನವಿಲ್ಲದ್ದು ಚಿಕಿತ್ಸೆಯಲ್ಲ, ಚಂದಾದಾರಿಕೆ.

ಹೊರಗಿನಿಂದ ಕೊಡಲೇಬೇಕಾದ ಮಕ್ಕಳೂ ಇದ್ದಾರೆ. ಒಂದು ವರ್ಷ ತುಂಬುವವರೆಗೆ ಕೂಸಿಗೆ ದಿನಕ್ಕೆ 400 ಯೂನಿಟ್ ಡಿ ಹನಿಗಳನ್ನು ಮಕ್ಕಳ ಡಾಕ್ಟರುಗಳೇ ಬರೆಯುತ್ತಾರೆ, ತಾಯಿಹಾಲಿನಲ್ಲಿ ಅದು ಸಾಲದು. ತಿಂಗಳು ತುಂಬದೆ ಹುಟ್ಟಿದ ಮಕ್ಕಳು, ಗೋಧಿ ಒಗ್ಗದ ಕರುಳಿನವರು, ಫಿಟ್ಸ್‌ಗೆ ಔಷಧಿ ತೆಗೆದುಕೊಳ್ಳುವವರು, ಹಾಲು ಮೊಸರನ್ನೂ ಬಿಟ್ಟ ಸಸ್ಯಾಹಾರಿ ಮನೆಯವರು. ಈ ಕೊನೆಯವರಿಗೆ ಬಿ12 ಎಲ್ಲಿಂದಲೂ ಸಿಗುವುದಿಲ್ಲ. ಇವರಿಗೆ ಬೇಕಾದದ್ದೂ ಗೊತ್ತಿರುವ ಒಂದು ಔಷಧಿ, ಹನ್ನೆರಡು ಬಗೆಯ ಚಿಟಿಕೆ ಚಿಟಿಕೆ ಹಾಕಿದ ಕರಡಿಯಲ್ಲ.

ಇಷ್ಟೆಲ್ಲ ನಡೆಯುವಾಗ ಕೆಲಸದಾಕೆ ಪಾತ್ರೆ ತೊಳೆಯುತ್ತಿದ್ದಳು. ಅವಳ ಮಗಳು ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿ. ಅಲ್ಲಿ ಬೆಳಿಗ್ಗೆ ಹಾಲು, ಮಧ್ಯಾಹ್ನ ಬಿಸಿಯೂಟ, ಜೊತೆಗೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು, ವಾರಕ್ಕೊಂದು ಕಬ್ಬಿಣದ ಮಾತ್ರೆ, ಅದೂ ಟೀಚರ ಕಣ್ಣೆದುರಿಗೇ. ಆ ಕೂಸಿಗೆ ಸಿಗದಿರುವುದು ಕರಡಿ ಒಂದೇ. “ಅಮ್ಮಾವ್ರೇ, ಖಾಲಿಯಾದ ಮೇಲೆ ಆ ಡಬ್ಬಿ ನಂಗೆ ಕೊಡ್ರೀ,” ಅಂದಳು ಆಕೆ. “ಮಗಳಿಗೂ ಒಂದು ತರಬೇಕು, ಅಂಗಡೀಲಿ ತೋರಿಸ್ತೀನಿ.”

ಸೊಸೆ ನನ್ನ ಮುಖ ನೋಡಿದಳು. ಕೆಂಪು ಸ್ಟ್ರಿಪ್ಪು ಬೀರುವಿನ ಒಳಗೆ ಹೋಗಿ ಬೀಗ ಬಿತ್ತು. ಉಳಿದ ಕರಡಿಗಳು ಕಸದ ಬುಟ್ಟಿಗೆ, ಮತ್ತು ಚಿನ್ನು ಆ ಬುಟ್ಟಿಯ ಪಕ್ಕದಲ್ಲೇ ಕೂತು ಅತ್ತದ್ದರಿಂದ ಕೊನೆಗೆ ಅಪಾರ್ಟ್‌ಮೆಂಟಿನ ದೊಡ್ಡ ತೊಟ್ಟಿಗೆ ಹೋದವು. ಡಬ್ಬಿಯನ್ನು ಮಾತ್ರ ಅಜ್ಜಿ ತೊಳೆದು ಇಟ್ಟುಕೊಂಡಳು, ಸಾಸಿವೆ ಹಾಕಲು.

ಮರುದಿನ ಮೈಸೂರಿಗೆ ಹೊರಟಾಗ ತಮ್ಮನ ಮಗ ಬಸ್ ನಿಲ್ದಾಣದ ತನಕ ಬಂದ. “ದೊಡ್ಡಪ್ಪ, ನೀವು ಹೇಳಿದ್ದು ಕಣ್ಣು ತೆರೆಸಿತು” ಎಂದು ಕಾಲಿಗೆ ನಮಸ್ಕರಿಸಿ, ಕೈಗೊಂದು ಪೊಟ್ಟಣ ಕೊಟ್ಟ. ಬಸ್ಸು ರಾಮನಗರ ದಾಟಿದ ಮೇಲೆ ಬಿಚ್ಚಿ ನೋಡಿದೆ. ದೊಡ್ಡವರ ಗಮ್ಮಿ, ಕೂದಲು ಸೊಂಪಾಗಿ ಬೆಳೆಯಲು, ದಿನಕ್ಕೆರಡು. ಕನ್ನಡಕ ಹಾಕಿಕೊಂಡು ಹಿಂದುಗಡೆ ತಿರುಗಿಸಿದೆ. ಮೊದಲನೇ ಸಾಲಿನಲ್ಲೇ ರೆಟಿನೈಲ್ ಪಾಲ್ಮಿಟೇಟ್. ನನ್ನ ಬೋಳು ತಲೆಯನ್ನೊಮ್ಮೆ ಸವರಿಕೊಂಡು, ಸ್ಟ್ರಾಬೆರಿ ವಾಸನೆ ಬರುತ್ತಿತ್ತಲ್ಲ, ಒಂದನ್ನು ಬಾಯಿಗೆ ಹಾಕಿಕೊಂಡೆ.